ವರ್ಣಾಂಧರಿಗಾಗಿ ಚಿತ್ರ ಪರಿಶೀಲನೆ: ಹಸಿರು–ಕಂದು ಗುರುತಿನ ಇತಿಹಾಸ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನ ಅಂಗಡಿಯಲ್ಲಾಗಲಿ, ಬೆಂಗಳೂರಿನ ಮಾಲ್‌ನಲ್ಲಾಗಲಿ, ಬಿಸ್ಕತ್ತಿನ ಪೊಟ್ಟಣದ ಮೇಲೆ ಚೌಕದೊಳಗಿನ ಚುಕ್ಕೆಯೊಂದು ಇದ್ದೇ ಇರುತ್ತದೆ. ದೇಶದಲ್ಲಿ ಅತಿ ಹೆಚ್ಚು ಜನ ನೋಡುವ ಸಂಕೇತಚಿತ್ರಗಳಲ್ಲಿ ಇದೂ ಒಂದು. ಮಾಂಸಾಹಾರಕ್ಕೆ ಕಂದು ಗುರುತು 2000ರಲ್ಲಿ, ಸಸ್ಯಾಹಾರಕ್ಕೆ ಹಸಿರು ಗುರುತು 2001ರಲ್ಲಿ ನಿಯಮಕ್ಕೆ ಬಂದವು. ಆಗ ಆಕಾರ ಎರಡಕ್ಕೂ ಒಂದೇ ಇತ್ತು, ಬಣ್ಣ ಮಾತ್ರ ಬೇರೆ. ಕೆಂಪು–ಹಸಿರು ವರ್ಣಾಂಧತೆ ಇರುವವರಿಗೆ ಇದಕ್ಕಿಂತ ಕಷ್ಟದ ಜೋಡಿ ಹುಡುಕುವುದು ಸುಲಭವಲ್ಲ.

ಇಂಥ ತೊಡಕನ್ನು ಮೊದಲೇ ಪತ್ತೆಹಚ್ಚುವ ಲೆಕ್ಕಾಚಾರ ಆಗಲೇ ಸಿದ್ಧವಿತ್ತು. 1999ರಲ್ಲಿ ವಿಯೆನೊ, ಬ್ರೆಟ್ಟೆಲ್ ಮತ್ತು ಮೊಲ್ಲನ್ ಎಂಬ ವಿಜ್ಞಾನಿಗಳು, ಒಂದು ಬಗೆಯ ಶಂಕುಕೋಶವೇ ಇಲ್ಲದ ಕಣ್ಣಿಗೆ ಪರದೆಯ ಬಣ್ಣಗಳು ಹೇಗೆ ಕಾಣುತ್ತವೆ ಎಂಬುದನ್ನು ಲೆಕ್ಕಹಾಕುವ ಸರಳ ವಿಧಾನ ಪ್ರಕಟಿಸಿದರು. ಇಂದಿನ ಹಲವು ಪರಿಶೀಲನಾ ತಂತ್ರಾಂಶಗಳು ಇದನ್ನು ಬಳಸುತ್ತವೆ.

ಉದಾಹರಣೆಗೆ ಪರದೆಯ ಹಸಿರು `#008000` ಮತ್ತು ಕಂದು `#8B4513` ತೆಗೆದುಕೊಳ್ಳೋಣ. ಬಿಳಿಯ ಮೇಲೆ ಹಸಿರಿನ ಕಾಂಟ್ರಾಸ್ಟ್ ಸುಮಾರು 5:1, ಕಂದಿನದು 7:1. ಚಿತ್ರಸಂಕೇತಗಳಿಗೆ ಜಾಲ ಮಾನದಂಡ ಕೇಳುವುದು 3:1, ಆದ್ದರಿಂದ ಎರಡೂ ಪಾಸು. ಆದರೆ ಇವೆರಡನ್ನೇ ಒಂದಕ್ಕೊಂದು ಹೋಲಿಸಿದರೆ ಸಿಗುವುದು 1.4:1 ಮಾತ್ರ. ಹಸಿರು ಗ್ರಹಿಸುವ ಶಂಕುಕೋಶ ಇಲ್ಲದವರ ನೋಟಕ್ಕೆ ಪರಿವರ್ತಿಸಿದಾಗ ಎರಡೂ ಕಡು ಹಳದಿಗಂದು ಆಗಿ, ಅಂತರ ಇನ್ನೂ ಕುಗ್ಗುತ್ತದೆ. ಹಿನ್ನೆಲೆಯ ಜೊತೆಗಷ್ಟೇ ಅಳೆದು ತೃಪ್ತಿಪಡುವುದು ವಿನ್ಯಾಸಕಾರರು ಪದೇಪದೇ ಮಾಡುವ ತಪ್ಪು; ಅರ್ಥ ಬೇರೆಯಾಗಿರುವ ಬಣ್ಣಗಳನ್ನು ಪರಸ್ಪರ ಅಳೆಯಲೇಬೇಕು.

ಚಿತ್ರವನ್ನು ಕಪ್ಪು–ಬಿಳುಪಾಗಿಸಿ ನೋಡುವುದೂ ರೂಢಿಯಲ್ಲಿದೆ. ಅದರಿಂದ ಹೊಳಪಿನ ಅಂತರ ತಿಳಿಯುತ್ತದೆ, ಅಷ್ಟೇ. ಕೆಂಪು–ಹಸಿರು ವರ್ಣಾಂಧರು ನೀಲಿ–ಹಳದಿಗಳನ್ನು ಚೆನ್ನಾಗಿ ಗುರುತಿಸುತ್ತಾರೆ; ಬೂದುಬಣ್ಣದಲ್ಲಿ ಬೆರೆತುಹೋಗುವ ಜೋಡಿ ಅವರಿಗೆ ಬೇರೆಯಾಗಿಯೇ ಕಾಣಬಹುದು. ತಂತ್ರಾಂಶದ ನೋಟಕ್ಕೂ ಮಿತಿಯಿದೆ. ಅದು ತೋರಿಸುವುದು ಶಂಕುಕೋಶ ಪೂರ್ತಿ ಇಲ್ಲದ ಸ್ಥಿತಿಯನ್ನು, ಆದರೆ ಬಹುಪಾಲು ಜನರಲ್ಲಿ ಇರುವುದು ಭಾಗಶಃ ದೋಷ.

ಜಪಾನಿನ ಒಕಾಬೆ ಮತ್ತು ಇತೊ ವರ್ಣಾಂಧರಿಗೂ ಬೇರೆಬೇರೆಯಾಗಿ ಕಾಣುವ ಎಂಟು ಬಣ್ಣಗಳ ಗುಂಪನ್ನು ರೂಪಿಸಿದ್ದಾರೆ. ಆದರೆ ಹಸಿರು ಎಂದರೆ ಸಸ್ಯಾಹಾರ ಎಂಬುದು ಜನರ ಮನಸ್ಸಿನಲ್ಲಿ ಬೇರೂರಿದ ಮೇಲೆ ಬಣ್ಣ ಬದಲಿಸುವುದು ಹೊಸ ಗೊಂದಲಕ್ಕೆ ದಾರಿ. 2020ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹಿಡಿದ ದಾರಿ ಬೇರೆ: ಬಣ್ಣಗಳನ್ನು ಹಾಗೆಯೇ ಉಳಿಸಿ, ಮಾಂಸಾಹಾರದ ಚುಕ್ಕೆಯನ್ನು ತ್ರಿಕೋನ ಮಾಡಿತು. ನನ್ನ ದೃಷ್ಟಿಯಲ್ಲಿ ಇದು ಸರಿಯಾದ ನಿರ್ಧಾರ. ಹಳೆಯ ಬಳಕೆದಾರರಿಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ, ವರ್ಣಾಂಧರಿಗೆ ಆಕಾರವೇ ಸುಳಿವಾಯಿತು.

ಆಕಾರಕ್ಕೂ ಪರೀಕ್ಷೆ ಬೇಕು. ಸಣ್ಣ ಪೊಟ್ಟಣದ ಮೇಲೆ ಗುರುತು ಕೆಲವೇ ಮಿಲಿಮೀಟರ್ ಇರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಮಸಿ ಹರಡಿದರೆ ತ್ರಿಕೋನದ ಮೂಲೆಗಳು ಮೊಂಡಾಗಿ ಅದು ಮತ್ತೆ ಚುಕ್ಕೆಯಂತೆಯೇ ಕಾಣುತ್ತದೆ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಈ ದೋಷ ಸಿಗುವುದಿಲ್ಲ. ನಿಜವಾದ ಅಳತೆಯಲ್ಲಿ ಅದೇ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಅಂಗಡಿಯ ಮಂದ ಬೆಳಕಿನಲ್ಲಿ ಒಂದು ತೋಳಿನ ದೂರದಿಂದ ನೋಡಬೇಕಾಗುತ್ತದೆ.