ಅನಿವಾಸಿ ಖಾತೆಗಳ ನಡುವಿನ ಹಣ ವರ್ಗಾವಣೆ: ದೇವನೂರು ಸೀಮೆಯ ಪಿತ್ರಾರ್ಜಿತ ಜಮೀನಿನ ಹಣ

ವಿದೇಶದಲ್ಲಿ ನೆಲೆಸಿದ ಭಾರತೀಯರು ಇಲ್ಲಿನ ಬ್ಯಾಂಕುಗಳಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆಗಳಲ್ಲಿ ಮುಖ್ಯವಾದವು ಎರಡು. ಹೊರದೇಶದ ಗಳಿಕೆ ಬರುವುದು ಎನ್‌ಆರ್‌ಇ ಖಾತೆಗೆ. ಅದರ ಅಸಲನ್ನೂ ಬಡ್ಡಿಯನ್ನೂ ಯಾವಾಗ ಬೇಕಾದರೂ, ಮಿತಿಯಿಲ್ಲದೆ ಹೊರಗೆ ಒಯ್ಯಬಹುದು. ಬಾಡಿಗೆ, ಪಿಂಚಣಿ, ಜಮೀನು ಮಾರಿದ ಹಣದಂಥ ಊರಲ್ಲೇ ಹುಟ್ಟಿದ ಹಣಕ್ಕೆ ಎನ್‌ಆರ್‌ಒ ಎಂಬ ಸಾಮಾನ್ಯ ಖಾತೆಯಿದೆ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ, ಅಥವಾ ಊರಿನಲ್ಲಿರುವ ತಾಯಿಯ ಉಳಿತಾಯ ಖಾತೆಗೆ ಹಣ ಇಳಿಸಲು ತಡೆಯಿಲ್ಲ. ಆದರೆ ಹಾಗೆ ಇಳಿದ ಹಣ ಮುಕ್ತವಾಗಿ ಹೊರಹೋಗುವ ಹಕ್ಕನ್ನು ಕಳೆದುಕೊಳ್ಳುತ್ತದೆ. ಎನ್‌ಆರ್‌ಒದಿಂದ ಎನ್‌ಆರ್‌ಇಗೆ ಮೇಲೇರಲು ಷರತ್ತುಗಳಿವೆ. ನಿವಾಸಿಯ ಉಳಿತಾಯ ಖಾತೆಯಿಂದ ನೇರವಾಗಿ ಎನ್‌ಆರ್‌ಇಗೆ ದಾರಿಯೇ ಇಲ್ಲ.

ನಂಜನಗೂಡು ತಾಲ್ಲೂಕಿನ ದೇವನೂರಿನಂಥ ಹಳ್ಳಿಗಳಿಂದ ಹೊರಟು ವಿದೇಶದಲ್ಲಿ ಕೆಲಸಕ್ಕೆ ನಿಂತವರಿಗೆ ಈ ನಿಯಮ ಎದುರಾಗುವುದು ಹೆಚ್ಚಾಗಿ ತಂದೆಯ ಜಮೀನು ಮಾರಿದಾಗ. ಈ ಲೇಖನ ಮುಖ್ಯವಾಗಿ ಆ ಹಣವನ್ನು ಕುರಿತದ್ದು.

ನಿಯಮ ಬೆಳೆದ ಬಗೆ

1947ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಡಾಲರ್, ಪೌಂಡುಗಳ ಕೊರತೆಯೇ ಎಲ್ಲ ನಿಯಮಗಳ ಬೇರು. ಅನಿವಾಸಿಯ ರೂಪಾಯಿ ದೇಶದೊಳಗೇ ಉಳಿಯಬೇಕು ಎಂಬುದು ಸಾಮಾನ್ಯ ನಿಲುವು. 1970ರಲ್ಲಿ ಎನ್‌ಆರ್‌ಇ ಯೋಜನೆ ಬಂತು. ಹೊರಗಿನಿಂದ ತಂದ ಹಣವನ್ನು ಮರಳಿ ಒಯ್ಯಬಹುದು ಎಂಬ ಭರವಸೆ ಕೊಟ್ಟರೆ ಮಾತ್ರ ಜನ ಉಳಿತಾಯವನ್ನು ಭಾರತಕ್ಕೆ ಕಳಿಸುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ. ಇಂದಿನ ಎರಡು ಖಾತೆಗಳ ಭೇದ ಆ ಭರವಸೆಯಿಂದಲೇ ಹುಟ್ಟಿದ್ದು. ಬಂದ ಹಣಕ್ಕೆ ಮಾತು ಕೊಟ್ಟಿತ್ತು, ಇಲ್ಲೇ ಹುಟ್ಟಿದ ಹಣಕ್ಕೆ ಕೊಟ್ಟಿರಲಿಲ್ಲ.

1991ರ ಬಿಕ್ಕಟ್ಟಿನ ಮರುವರ್ಷ ತೆರೆದ ಎನ್‌ಆರ್‌ಎನ್‌ಆರ್ ಠೇವಣಿ ಈ ಭೇದವನ್ನು ಹೆಸರಿನಲ್ಲೇ ಹೊತ್ತಿತ್ತು: ಅದರ ಅಸಲು ವಾಪಸು ಹೋಗುವಂತಿರಲಿಲ್ಲ. 1994ರ ಆಗಸ್ಟ್ 20ರಂದು ಭಾರತ ಅಂತರರಾಷ್ಟ್ರೀಯ ಹಣಕಾಸು ನಿಧಿಯ 8ನೇ ವಿಧಿಯ ಬಾಧ್ಯತೆಗಳನ್ನು ಒಪ್ಪಿಕೊಂಡಿತು. ಚಾಲ್ತಿ ಖಾತೆಯ ಪಾವತಿಗಳ ಮೇಲೆ ಮನಬಂದಂತೆ ನಿರ್ಬಂಧ ಹೇರುವಂತಿಲ್ಲ ಎಂಬುದು ಅದರ ಸಾರ. ಇಂದು ಬಾಡಿಗೆ, ಪಿಂಚಣಿ, ಬಡ್ಡಿಯಂಥ ಚಾಲ್ತಿ ಆದಾಯ ತೆರಿಗೆ ಕಳೆದು ಮಿತಿಯಿಲ್ಲದೆ ಹೊರಹೋಗುವುದು ಈ ತತ್ವಕ್ಕೆ ಅನುಗುಣವಾಗಿಯೇ. ಆಸ್ತಿ ಮಾರಿದ ಹಣ ಬಂಡವಾಳವಾದ್ದರಿಂದ ಆ ಸಡಿಲಿಕೆ ಅದಕ್ಕೆ ದಕ್ಕಲಿಲ್ಲ.

2000ದ ಜೂನ್ 1ರಿಂದ ಫೆಮಾ ಕಾಯ್ದೆ ಜಾರಿಗೆ ಬಂತು. 2002ರ ಏಪ್ರಿಲ್ 1ರಿಂದ ಹೊಸ ಎನ್‌ಆರ್‌ಎನ್‌ಆರ್ ಠೇವಣಿ ನಿಂತಿತು. 2003ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಎನ್‌ಆರ್‌ಒ ಹಣವನ್ನು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಲ್ಲಿ ಹೊರಗೆ ಕಳಿಸಲು ಬಿಟ್ಟಿತು. ಆದರೂ ಇಲ್ಲಿನ ಎನ್‌ಆರ್‌ಇಗೆ ಹಾಕಲು ಅನುಮತಿ ಇರಲಿಲ್ಲ. ಆ ಹಣವನ್ನು ಡಾಲರಿಗೆ ತಿರುಗಿಸಿ ಹೊರಗೆ ಕಳಿಸಿ, ಮತ್ತೆ ರೂಪಾಯಿಯಾಗಿ ಎನ್‌ಆರ್‌ಇಗೆ ತರಬೇಕಿತ್ತು. ಎರಡು ಸಲ ವಿನಿಮಯದ ನಷ್ಟ. 2012ರ ಮೇ 7ರ ಸುತ್ತೋಲೆ ಅದೇ ಮಿತಿಯೊಳಗೆ ನೇರ ವರ್ಗಾವಣೆಗೆ ಅವಕಾಶ ಕೊಟ್ಟಿತು. ಅನಿವಾಸಿಗಳಿಗೆ ಈ ಅಧ್ಯಾಯದ ಅತ್ಯಂತ ಉಪಯುಕ್ತ ಸುತ್ತೋಲೆ ಇದೇ ಎನ್ನಬಹುದು.

ಒಂದು ಮಾದರಿ ಪ್ರಕರಣ

ತಂದೆ ತೀರಿಕೊಂಡ ಮೇಲೆ ಅಣ್ಣ, ತಂಗಿ ಸೇರಿ ಗದ್ದೆಯನ್ನು 90 ಲಕ್ಷ ರೂಪಾಯಿಗೆ ಮಾರಿದರು ಎಂದುಕೊಳ್ಳೋಣ. ತಂಗಿ ಮೈಸೂರಿನಲ್ಲಿದ್ದಾಳೆ, ಅಣ್ಣ ಅಮೆರಿಕದಲ್ಲಿದ್ದಾನೆ. ಅವನ ಪಾಲು 45 ಲಕ್ಷ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ ಸುಮಾರು 53 ಸಾವಿರ ಡಾಲರ್. 10 ಲಕ್ಷ ಡಾಲರಿನ ಮಿತಿಗೆ ಇದು ಹತ್ತಿರವೂ ಇಲ್ಲ. ಇಂಥ ಹಣ ನಿಲ್ಲುವುದು ಮಿತಿಯಿಂದಲ್ಲ, ಅದು ಎಲ್ಲಿಂದ ಬಂತು, ತೆರಿಗೆ ಏನಾಯಿತು ಎಂಬುದಕ್ಕೆ ಕಾಗದ ಇಲ್ಲದ್ದರಿಂದ.

ಮೊದಲ ತೊಡಕು ಖಾತೆಯದೇ. ಕಾಲೇಜು ದಿನಗಳಲ್ಲಿ ತೆರೆದ ಉಳಿತಾಯ ಖಾತೆ ಹಾಗೇ ಉಳಿದಿದ್ದು, ಹಣ ಅದಕ್ಕೆ ಬಿದ್ದರೆ ಬ್ಯಾಂಕ್ ಅದನ್ನು ಎನ್‌ಆರ್‌ಇಗೆ ವರ್ಗಾಯಿಸುವುದಿಲ್ಲ. ಕೆಲಸಕ್ಕೆಂದು ಹೊರಟವನು ಫೆಮಾ ಪ್ರಕಾರ ಹೊರಟಾಗಲೇ ಅನಿವಾಸಿ. ಆದಾಯ ತೆರಿಗೆಯ ದಿನಲೆಕ್ಕ ಬೇರೆ. ಹಾಗಾಗಿ ಹಳೆಯ ಖಾತೆಯನ್ನು ಎನ್‌ಆರ್‌ಒ ಎಂದು ಬದಲಿಸಿಕೊಳ್ಳಬೇಕು. ಇದನ್ನು ಕ್ರಯಕ್ಕೆ ಮುಂಚೆಯೇ ಮಾಡಿಕೊಂಡು, ಕ್ರಯಪತ್ರದಲ್ಲಿ ತನ್ನ ಪಾಲು ತನ್ನ ಎನ್‌ಆರ್‌ಒಗೆ ಬಂದಂತೆ ಬರೆಸುವುದು ಕ್ಷೇಮ. ಜಮೀನು ಕೃಷಿ ಭೂಮಿಯಾದ್ದರಿಂದ ಕೊಳ್ಳುವವರೂ ಭಾರತದ ನಿವಾಸಿಯೇ ಆಗಿರಬೇಕು.

ಎರಡನೆಯದು ಹಕ್ಕಿನ ಕಾಗದ. ಪಹಣಿ ಇನ್ನೂ ತಂದೆಯ ಹೆಸರಿನಲ್ಲೋ ತಾತನ ಹೆಸರಿನಲ್ಲೋ ಇದ್ದರೆ ಪೌತಿ ಖಾತೆಯಾಗಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮ್ಯುಟೇಷನ್ ಪ್ರತಿ, ನೋಂದಾಯಿತ ಕ್ರಯಪತ್ರ ಇವುಗಳ ಸರಣಿಯಲ್ಲಿ ಒಂದು ಕೊಂಡಿ ಕಳಚಿದರೂ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗ ಕಡತವನ್ನು ಹಿಂದಿರುಗಿಸುತ್ತದೆ. ಹೆಸರಿನ ಅಕ್ಷರಭೇದವೂ ಅದಕ್ಕೆ ಸಾಕು: ಪಾಸ್‌ಪೋರ್ಟಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು.

ಮೂರನೆಯದು ತೆರಿಗೆ. ಗ್ರಾಮೀಣ ಕೃಷಿ ಭೂಮಿಯನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಗಣಿಸುವುದಿಲ್ಲ. ಅದರ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ. ನಂಜನಗೂಡಿನಷ್ಟು, ಅಂದರೆ 10 ಸಾವಿರಕ್ಕೂ 1 ಲಕ್ಷಕ್ಕೂ ನಡುವಿನ ಜನಸಂಖ್ಯೆಯ ಪಟ್ಟಣವಾದರೆ ಗ್ರಾಮೀಣ ಎನಿಸಿಕೊಳ್ಳಲು ಜಮೀನು ಅದರ ಎಲ್ಲೆಯಿಂದ ನೇರ ಅಳತೆಯಲ್ಲಿ 2 ಕಿಲೋಮೀಟರ್ ಆಚೆಗಿರಬೇಕು. ಮೈಸೂರಿನ ಬದಿಗೆ ಹೋದಂತೆ ಈ ದೂರ ಹೆಚ್ಚು. ಮಾರುವವನು ಅನಿವಾಸಿ ಎಂದೊಡನೆ ಕೊಳ್ಳುವವರು ಹೆದರಿ ತೆರಿಗೆ ಮುರಿದುಕೊಳ್ಳುವುದುಂಟು. ದೂರಕ್ಕೆ ದಾಖಲೆ ಮುಂಚೆಯೇ ಕೈಯಲ್ಲಿದ್ದರೆ ಅದನ್ನು ತಪ್ಪಿಸಬಹುದು. ಮುರಿದುಬಿಟ್ಟರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬೇಕು. 1961ರ ಕಾಯ್ದೆಯಡಿ ವರ್ಗಾವಣೆಗೆ ಬ್ಯಾಂಕ್ ಕೇಳುವ ನಮೂನೆಗಳು 15ಸಿಎ ಮತ್ತು, ಹಣ ತೆರಿಗೆಗೆ ಒಳಪಟ್ಟು 5 ಲಕ್ಷ ಮೀರಿದ್ದರೆ, ಲೆಕ್ಕ ಪರಿಶೋಧಕರ 15ಸಿಬಿ. ತೆರಿಗೆಯಿಲ್ಲದ ಹಣಕ್ಕೂ ಲೆಕ್ಕ ಪರಿಶೋಧಕರ ಪತ್ರ ಬೇಕೆನ್ನುವ ಶಾಖೆಗಳಿವೆ. 2025ರ ಹೊಸ ಕಾಯ್ದೆಯಲ್ಲಿ ಈ ಸಂಖ್ಯೆಗಳು ಬೇರೆ.

ಇವೆಲ್ಲ ಇದ್ದು, ಹಣ ಸಾಲದ್ದಲ್ಲ, ಇನ್ನೊಂದು ಎನ್‌ಆರ್‌ಒದಿಂದ ತಂದದ್ದೂ ಅಲ್ಲ ಎಂದು ಘೋಷಿಸಿದರೆ 45 ಲಕ್ಷ ಎನ್‌ಆರ್‌ಇಗೆ ಹೋಗುತ್ತದೆ. ಈ ಎರಡನೆಯ ಘೋಷಣೆಯನ್ನು ಹಲವರು ಗಮನಿಸುವುದಿಲ್ಲ. ಉದಾಹರಣೆಗೆ, ಅಣ್ಣ ತಮ್ಮಂದಿರಿಬ್ಬರೂ ವಿದೇಶದಲ್ಲಿದ್ದು, ತಮ್ಮನ ಎನ್‌ಆರ್‌ಒಗೆ ಇಬ್ಬರ ಪಾಲನ್ನೂ ಹಾಕಿಸಿ, ಅಲ್ಲಿಂದ ಅಣ್ಣನ ಎನ್‌ಆರ್‌ಒಗೆ ಸಾಗಿಸಿದರೆ ಅಣ್ಣನ ಪಾಲು ಸಿಕ್ಕಿಬೀಳುವುದು ಇಲ್ಲೇ. ಮಿತಿಯನ್ನು ಎಲ್ಲ ಬ್ಯಾಂಕುಗಳ ವರ್ಗಾವಣೆಗಳನ್ನೂ ಕೂಡಿ, ಏಪ್ರಿಲಿನಿಂದ ಮಾರ್ಚ್‌ವರೆಗೆ ಲೆಕ್ಕ ಹಿಡಿಯುತ್ತಾರೆ.

ನೆಂಟರ ಮೂಲಕ

ಪೂರ್ತಿ 90 ಲಕ್ಷ ತಂಗಿಯ ಖಾತೆಗೆ ಬಂದಿದ್ದರೂ ದಾರಿ ಮುಚ್ಚಿಲ್ಲ. ನಿವಾಸಿಯೊಬ್ಬರು ಉದಾರೀಕೃತ ರವಾನೆ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯಲ್ಲಿ ಅನಿವಾಸಿ ಹತ್ತಿರದ ಬಂಧುವಿನ ಎನ್‌ಆರ್‌ಒಗೆ ರೂಪಾಯಿಯಲ್ಲೇ ಉಡುಗೊರೆ ಕೊಡಬಹುದು. ಆದರೆ ಅದು ಆಗ ಜಮೀನಿನ ಹಣವಾಗಿ ಉಳಿಯದೆ ಉಡುಗೊರೆಯಾಗುತ್ತದೆ, ದಾಖಲೆಯೂ ಹಾಗೇ ಇರಬೇಕಾಗುತ್ತದೆ. ಬಂಧು ಯಾರೆಂಬುದನ್ನು 2013ರ ಕಂಪನಿ ಕಾಯ್ದೆಯ ಪಟ್ಟಿ ಹೇಳುತ್ತದೆ: ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಸೊಸೆ, ಅಳಿಯ, ಒಡಹುಟ್ಟಿದವರು, ಅವಿಭಕ್ತ ಕುಟುಂಬದ ಸದಸ್ಯರು. ನಮ್ಮ ಕಡೆ ಮನೆಯ ಹಿರಿಯನಂತೆ ವ್ಯವಹಾರ ನೋಡಿಕೊಳ್ಳುವ ಸೋದರಮಾವ ಆ ಪಟ್ಟಿಯಲ್ಲಿಲ್ಲ. ಅವರ ಹೆಸರಿಗೆ ಮುಖ್ತ್ಯಾರ್‌ನಾಮೆ ಕೊಟ್ಟಿದ್ದರೆ ಎನ್‌ಆರ್‌ಒದಿಂದ ಸ್ಥಳೀಯ ಪಾವತಿ ಮಾಡಬಹುದೇ ಹೊರತು ಖಾತೆದಾರನ ಪರವಾಗಿ ಯಾರಿಗೂ ಉಡುಗೊರೆ ಕೊಡುವಂತಿಲ್ಲ.

ಮರಳಿ ಬಂದವರು

ಕಾಯಂ ಆಗಿ ಊರಿಗೆ ಮರಳಿದವರ ಎನ್‌ಆರ್‌ಇ ಖಾತೆ ನಿವಾಸಿ ಖಾತೆಯಾಗಬೇಕು, ಇಲ್ಲವೇ ಆ ಹಣ ಆರ್‌ಎಫ್‌ಸಿ ಖಾತೆಗೆ ಹೋಗಬೇಕು. ಆರ್‌ಎಫ್‌ಸಿಯಲ್ಲಿ ಅದು ವಿದೇಶಿ ಕರೆನ್ಸಿಯಾಗಿಯೇ ಇದ್ದು, ಹೊರಗೆ ಬಳಸಲು ನಿರ್ಬಂಧವಿರುವುದಿಲ್ಲ. ಎನ್‌ಆರ್‌ಒ ಸಾಮಾನ್ಯ ಉಳಿತಾಯ ಖಾತೆಯಾಗುತ್ತದೆ.