ಆಪ್ ತೋರಿಸಿದ ಹಾಡು ಅದೇನಾ? ನಂಬುವ ಮುನ್ನ ಮಾಡಬೇಕಾದ ಮೂರು ಪರೀಕ್ಷೆಗಳು

ಎಲ್ಲೋ ಕೇಳಿದ ಹಾಡು ಯಾವುದೆಂದು ತಿಳಿಯಲು ಈಗ ಮೊಬೈಲ್ ಹಿಡಿದರೆ ಸಾಕು. ಹಾಡಿನ ಹೆಸರು, ಗಾಯಕರ ಹೆಸರು, ಆಲ್ಬಮ್, ವರ್ಷ ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಬರುತ್ತವೆ. ನಮ್ಮಲ್ಲಿ ಬಹಳಷ್ಟು ಜನ ಅದನ್ನೇ ಅಂತಿಮ ಉತ್ತರ ಎಂದುಕೊಳ್ಳುತ್ತೇವೆ. ಆದರೆ ಹಾಡಿನ ಹೆಸರು ಸರಿಯಿದ್ದೂ ಹಾಡಿದವರ ಹೆಸರು ತಪ್ಪಾಗಿರಬಹುದು. ಆಗ ಒಬ್ಬರ ದನಿಗೆ ಇನ್ನೊಬ್ಬರ ಹೆಸರು ಅಂಟಿಕೊಂಡು ಎಲ್ಲೆಡೆ ಹರಡುತ್ತದೆ.

ಹೀಗೇಕೆ ಆಗುತ್ತದೆ?

ಹಾಡು ಹುಡುಕುವ ವಿಧಾನಗಳಲ್ಲಿ ಮುಖ್ಯವಾದವು ಎರಡು. ಶಜಾಮ್‌ನಂಥ ಆಪ್‌ಗಳು ಧ್ವನಿಯಲ್ಲಿ ಎದ್ದು ಕಾಣುವ ಬಿಂದುಗಳನ್ನೂ ಅವುಗಳ ನಡುವಿನ ಸಮಯದ ಅಂತರವನ್ನೂ ಗುರುತಿಸಿ, ತಮ್ಮ ಸಂಗ್ರಹದಲ್ಲಿರುವ ಧ್ವನಿಮುದ್ರಣಗಳೊಂದಿಗೆ ಹೋಲಿಸುತ್ತವೆ. ಇದು ಹಾಡಿನ ಬೆರಳಚ್ಚಿನ ಹಾಗೆ. ಅದೇ ಧ್ವನಿಮುದ್ರಣ ಸಂಗ್ರಹದಲ್ಲಿದ್ದರೆ ಉತ್ತರ ಸಾಮಾನ್ಯವಾಗಿ ಸರಿಯಿರುತ್ತದೆ. ಗುನುಗಿ ಹುಡುಕುವ ವಿಧಾನ ಬೇರೆ. ಅದು ರಾಗವನ್ನು ಮಾತ್ರ ನೋಡುತ್ತದೆ. ಒಂದೇ ರಾಗವನ್ನು ಹತ್ತು ಜನ ಹಾಡಿದ್ದರೆ ಅದಕ್ಕೆ ಹತ್ತೂ ಒಂದೇ. ಸಾಹಿತ್ಯದ ಸಾಲು ಟೈಪ್ ಮಾಡಿ ಹುಡುಕಿದರೂ ಇದೇ ತೊಂದರೆ.

ಒಂದು ಉದಾಹರಣೆ ನೋಡೋಣ. 2001ರ ‘ಶ್ರೆಕ್’ ಅನಿಮೇಷನ್ ಚಿತ್ರದಲ್ಲಿ ‘ಹಲ್ಲೆಲೂಯ’ ಎಂಬ ಹಾಡು ಬರುತ್ತದೆ. ಇದನ್ನು ಬರೆದು 1984ರಲ್ಲಿ ಮೊದಲು ಹಾಡಿದವರು ಕೆನಡಾದ ಲಿಯೊನಾರ್ಡ್ ಕೋಹೆನ್. ಆಮೇಲೆ ಅನೇಕರು ಹಾಡಿದ್ದಾರೆ. ಚಿತ್ರದಲ್ಲಿ ಕೇಳಿಸುವುದು ಯಾರ ದನಿ?

ಮೊದಲ ಪರೀಕ್ಷೆ: ಸಾಹಿತ್ಯ

ಚಿತ್ರದಲ್ಲಿ ಕೇಳುವ ಸಾಲುಗಳನ್ನು ಬರೆದುಕೊಂಡು, ಸೂಚಿಸಲಾದ ಧ್ವನಿಮುದ್ರಣದಲ್ಲಿ ಅವೆಲ್ಲವೂ ಇವೆಯೇ ಎಂದು ನೋಡಬೇಕು. ಪಲ್ಲವಿ ಹೊಂದಿದರೆ ಸಾಲದು, ಚರಣಗಳೂ ಹೊಂದಬೇಕು. ಕೋಹೆನ್ ಈ ಹಾಡಿಗೆ ಹಲವಾರು ಚರಣ ಬರೆದಿದ್ದರು. ಚಿತ್ರದಲ್ಲಿರುವ ಕೆಲವು ಸಾಲುಗಳು 1984ರ ಆಲ್ಬಮ್‌ನಲ್ಲಿ ಇಲ್ಲ. ಹೀಗಾಗಿ ಆ ಧ್ವನಿಮುದ್ರಣವನ್ನು ಪಟ್ಟಿಯಿಂದ ತೆಗೆಯಬಹುದು.

ಎರಡನೇ ಪರೀಕ್ಷೆ: ಬಿಡುಗಡೆಯ ದಿನಾಂಕ

ಚಿತ್ರ ಬಂದದ್ದು 2001ರಲ್ಲಿ. ಆದ್ದರಿಂದ ಕೆ.ಡಿ. ಲ್ಯಾಂಗ್ 2004ರ ಆಲ್ಬಮ್‌ಗಾಗಿ ಹಾಡಿದ್ದು, ಅಲೆಕ್ಸಾಂಡ್ರಾ ಬರ್ಕ್ 2008ರಲ್ಲಿ ಹಾಡಿದ್ದು ಇದಾಗಲು ಸಾಧ್ಯವಿಲ್ಲ. ಆದರೆ ಇಲ್ಲಿ ಎಚ್ಚರ ಬೇಕು. ಆಪ್ ತೋರಿಸುವ ವರ್ಷ ಮರುಬಿಡುಗಡೆಯದ್ದೋ, ಹಳೆಯ ಹಾಡುಗಳ ಸಂಕಲನದ್ದೋ ಆಗಿರಬಹುದು. ಅದೇ ಗಾಯಕರ ಅತಿ ಹಳೆಯ ಬಿಡುಗಡೆ ಯಾವುದೆಂದು ನೋಡಿಯೇ ಒಂದನ್ನು ಕೈಬಿಡಬೇಕು.

ಮೂರನೇ ಪರೀಕ್ಷೆ: ಬೇರೆ ಧ್ವನಿಮುದ್ರಣಗಳು

ಈಗ ಪ್ರಮುಖವಾಗಿ ಮೂವರು ಉಳಿಯುತ್ತಾರೆ: ಜಾನ್ ಕೇಲ್ (1991), ಜೆಫ್ ಬಕ್ಲಿ (1994), ರೂಫಸ್ ವೈನ್‌ರೈಟ್ (2001). ಚಿತ್ರದಲ್ಲಿ ಕೇಳುವುದು ಪಿಯಾನೊ, ಬಕ್ಲಿಯದ್ದು ಗಿಟಾರ್. ಹಾಗಾಗಿ ಬಕ್ಲಿ ಅಲ್ಲ. ವೈನ್‌ರೈಟ್ ಹಾಡಿನಲ್ಲಿ ಪಿಯಾನೊ ಇದೆ, ವರ್ಷವೂ ಸರಿ, ‘ಶ್ರೆಕ್’ ಚಿತ್ರದ ಹಾಡುಗಳ ಆಲ್ಬಮ್‌ನಲ್ಲಿರುವುದೂ ಅವರ ಹಾಡೇ. ಇಲ್ಲಿಗೆ ನಿಲ್ಲಿಸಿದರೆ ನಾವು ತಪ್ಪುತ್ತೇವೆ. ಚಿತ್ರದೊಳಗೆ ಕೇಳಿಸುವುದು ಜಾನ್ ಕೇಲ್ ದನಿ. ಚಿತ್ರಕ್ಕೆ ಒಬ್ಬರ ಹಾಡು, ಆಲ್ಬಮ್‌ಗೆ ಇನ್ನೊಬ್ಬರ ಹಾಡು!

ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಚಿತ್ರದ ತುಣುಕು ಮತ್ತು ಸೂಚಿಸಿದ ಹಾಡು, ಎರಡನ್ನೂ ಒಂದೇ ಪದದಿಂದ ಒಟ್ಟಿಗೆ ಶುರುಮಾಡಿ. ಒಂದೇ ಧ್ವನಿಮುದ್ರಣವಾದರೆ ಉಸಿರು ತೆಗೆದುಕೊಳ್ಳುವ ಜಾಗವೂ ಸೇರಿ ಎಲ್ಲ ಕೂಡಿಯೇ ಸಾಗುತ್ತದೆ. ಬೇರೆಯವರು ಹಾಡಿದ್ದಾದರೆ ಒಮ್ಮೆ ಇದು ಮುಂದೆ, ಒಮ್ಮೆ ಅದು ಮುಂದೆ ಹೋಗುತ್ತದೆ. ಚಿತ್ರಕ್ಕಾಗಿ ಹಾಡನ್ನು ಕತ್ತರಿಸಿರುವುದರಿಂದ ಒಂದೊಂದು ಚರಣವನ್ನು ಬೇರೆಬೇರೆಯಾಗಿ ಹೋಲಿಸಬೇಕು.

ಇನ್ನೊಂದು ತೊಡಕಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಟೀವಿ ಪದ್ಧತಿಯ ಡಿವಿಡಿಗಳಲ್ಲಿ ಹಲವು ಬಾರಿ ಅದನ್ನು 25ಕ್ಕೆ ಏರಿಸುತ್ತಿದ್ದರು. ಆಗ ಹಾಡೂ ಸುಮಾರು ಶೇ. 4ರಷ್ಟು ವೇಗವಾಗುತ್ತದೆ, ಅರ್ಧ ನಿಮಿಷದಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಆದರೆ ಈ ಅಂತರ ಒಂದೇ ಸಮನೆ ಬೆಳೆಯುತ್ತದೆ, ಹಿಂದೆ ಮುಂದೆ ಆಗುವುದಿಲ್ಲ. ಅದೇ ಗುರುತು.

ಕೊನೆಗೆ ಚಿತ್ರದ ಅಂತ್ಯದಲ್ಲಿ ಬರುವ ಹಾಡುಗಳ ಪಟ್ಟಿಯನ್ನು ಓದಿ, ಕಿವಿ ಹೇಳಿದ್ದಕ್ಕೆ ಅದು ಹೊಂದುತ್ತದೆಯೇ ನೋಡಬೇಕು. ಹೊಂದದಿದ್ದರೆ ಅಥವಾ ಪಟ್ಟಿ ಸಿಗದಿದ್ದರೆ ‘ಹಾಡು ಇದು, ಹಾಡಿದವರು ಖಚಿತವಿಲ್ಲ’ ಎಂದಷ್ಟೇ ಬರೆಯುವುದು ಸರಿ.