ಮನೆಯಿಂದಲೇ ರೊಟ್ಟಿ, ಟಿಫಿನ್ ವ್ಯಾಪಾರ: ಅಡುಗೆಮನೆ ಗೋಡೆಗೆ ಬರೆದಿಡಬೇಕಾದ ಮೂರು ಸಾಲು

ಯಾದಗಿರಿ: ಯಾದಗಿರಿ, ಶಹಾಪುರ, ಸುರಪುರದಲ್ಲಿ ಮನೆಯಿಂದಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಊಟದ ಡಬ್ಬಿ ಮಾರಲು ಹೊರಟವರಿಗೆ ಧೈರ್ಯ ಹೇಳುವ ಮಾತು ಬೇಕಾದಷ್ಟಿವೆ. ಕೆಲಸಕ್ಕೆ ಬರುವವು ಕಡಿಮೆ. ಈ ಮೂರು ಸಾಲು ಕಣ್ಣೆದುರಿಗಿದ್ದರೆ ಉಪಯೋಗ.

"ನಿನ್ನ ಕೂಲಿ ಮೊದಲು, ರೇಟು ಆಮ್ಯಾಲೆ"

ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಉದಾಹರಣೆಗೆ, 5 ಕಿಲೋ ಜೋಳದ ಹಿಟ್ಟಿಗೆ ಸುಮಾರು 100 ರೊಟ್ಟಿ ಆಗ್ತಾವ ಅನ್ನಿ. ಬೀಸಿದ ಖರ್ಚು ಸೇರಿ ಹಿಟ್ಟಿಗೆ 300 ರೂಪಾಯಿ, ಗ್ಯಾಸಿಗೆ 40, ಕವರಿಗೆ 30, ಒಟ್ಟು 370. ಒಂದಕ್ಕೆ 5 ರೂಪಾಯಿಯಂತೆ ಮಾರಿದರೆ 500 ಬರುತ್ತದೆ, 130 ಉಳಿಯಿತು ಅಂತ ಖುಷಿ. ಆದರೆ ಬಡಿದು ಬೇಯಿಸಲು ನಾಲ್ಕು ತಾಸು ಹೋಗಿರುತ್ತದೆ. ತಾಸಿಗೆ 60 ರೂಪಾಯಿ ಹಿಡಿದರೂ ಕೂಲಿಯೇ 240. ಅಂದರೆ ಖರೆ ಖರ್ಚು 610, ದಿನಾ 110 ಲುಕ್ಸಾನು. 7 ರೂಪಾಯಿಗೆ ಮಾರಿದರೆ ಕೂಲಿ ಕೈಗೆ ಬಂದು 90 ಉಳಿಯುತ್ತದೆ; ಮುರಿದ ರೊಟ್ಟಿ, ಉಳಿದ ಮಾಲಿನ ನಷ್ಟ ಅದರಲ್ಲಿ ಮುಚ್ಚುತ್ತದೆ. ಹಿಟ್ಟಿನ ದರ ಬದಲಾದಾಗ ಇದೇ ಲೆಕ್ಕ ಮತ್ತೆ ಹಾಕಬೇಕು.

"ಮುರಿದ್ರ ಕಟ್ಟು, ಬಾಗಿದ್ರ ಬಿಡು"

ಕಡಕ್ ರೊಟ್ಟಿಯನ್ನು ಬಿಸಿ ಇದ್ದಾಗ ಕವರಿಗೆ ಹಾಕಿದರೆ ಒಳಗೆ ಹನಿ ಕೂಡಿ, ಕೆಲವೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ನಡುವಿನಲ್ಲಿ ಮುರಿದು ನೋಡಿ. ಟಕ್ ಅಂತ ಮುರಿದರೆ ಕಟ್ಟಬಹುದು. ಬಾಗಿದರೆ ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಇನ್ನಷ್ಟು ಒಣಗಬೇಕು. ಮಳೆಗಾಲದಾಗ ಬಿಸಿಲು ನಂಬಿ ದೊಡ್ಡ ಆರ್ಡರ್ ಹಿಡಿಯಬಾರದು. ಶೇಂಗಾ ಹಿಂಡಿಯ ಕಥೆ ಬೇರೆ: ಅದು ಮೊದಲು ಕೆಡುವುದು ಎಣ್ಣೆಯಲ್ಲಿ. ಕಮಟು ವಾಸನೆ ಬಂದರೆ ಮಾರಬೇಡಿ. ಆದ್ದರಿಂದ ಒಂದು ವಾರಕ್ಕೆ ಆಗುವಷ್ಟೇ ಕುಟ್ಟುವುದು ಮೇಲು.

"ಇಂದು ನಗದು, ನಾಳೆ ಉದ್ರಿ"

ಕಿರಾಣಿ ಅಂಗಡಿಯ ಈ ಹಳೇ ಸಾಲು ಡಬ್ಬಿ ವ್ಯಾಪಾರಕ್ಕೆ ಹೆಚ್ಚು ಒಪ್ಪುತ್ತದೆ. ದಿನಕ್ಕೆ 10 ಡಬ್ಬಿ, ಒಂದಕ್ಕೆ ಸಾಮಾನಿನ ಖರ್ಚೇ 30 ರೂಪಾಯಿ ಅಂದರೆ, 26 ದಿನಕ್ಕೆ 7,800 ರೂಪಾಯಿ ನಿಮ್ಮ ಕೈಯಿಂದ ಹೋಗಿರುತ್ತದೆ. ತಿಂಗಳ ಕೊನೆಗೆ ಇಬ್ಬರು ಕೊಡದಿದ್ದರೂ ಮುಂದಿನ ತಿಂಗಳ ಸಂತಿಗೆ ರೊಕ್ಕ ಕಡಿಮೆ ಬೀಳಬಹುದು. ಪರಿಚಯದವರಾದರೂ ಅರ್ಧ ಮುಂಗಡ ಕೇಳಿ, ಅಕ್ಕ-ಅಣ್ಣ ಅಂತ ಮೆತ್ತಗೆ ಕೇಳಿದರೆ ಯಾರೂ ಮುನಿಯುವುದಿಲ್ಲ.

ನಿಯಮದ ವಿಷಯದಲ್ಲಿ ಎರಡು ಮಾತು ಮರೆಯಬಾರದು. ಸಣ್ಣ ವ್ಯಾಪಾರಕ್ಕೂ ಆಹಾರ ಸುರಕ್ಷತಾ ನೋಂದಣಿ ಬೇಕು, foscos.fssai.gov.in ನಲ್ಲಿ ಅರ್ಜಿ ಹಾಕಬಹುದು, ಸಿಕ್ಕ 14 ಅಂಕಿಯ ಸಂಖ್ಯೆ ಕವರಿನ ಮೇಲೆ ಇರಬೇಕು. ಮನೆಬಳಕೆಯ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, ವಾಣಿಜ್ಯ ಸಿಲಿಂಡರಿನ ದರ ಹಿಡಿದೇ ಮೊದಲ ಸಾಲಿನ ಲೆಕ್ಕ ಹಾಕಬೇಕು.